‘ಫ್ಲೋಟಿಂಗ್ ಟೈಮ್’ಗೆ ‘ತೇಲುವ ಸಮಯ’ ಅಂದರೆ ಸರಿಯಾ?

ಸುಮಾ: ಬುಕಿಂಗ್ ಮಾಡಿದವರಿಗೆ ಕ್ಯಾಲೆಂಡರ್ ಫೈಲ್ (`.ics`) ಕಳಿಸುವ ತಂತ್ರಾಂಶವೊಂದರ ಸಹಾಯಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಈ ಸಾಲು ತೋರಿಸಿ, ‘ಇದು ಫ್ಲೋಟಿಂಗ್ ಟೈಮ್, ಬುಕಿಂಗ್‌ಗೆ ಬೇಡ’ ಅಂತ ಎಚ್ಚರಿಸಿದ್ದಾರೆ.

```
DTSTART:20250707T100000
```

‘ತೇಲುವ ಸಮಯ’ ಅಂತ ಬರೆದೆ. ಓದಿದ ಗೆಳತಿ ‘ಎಲ್ಲಿ ತೇಲುತ್ತೆ?’ ಅಂದಳು. ಇದರ ನಿಜವಾದ ಅರ್ಥ ಏನು? ಕನ್ನಡದಲ್ಲಿ ಏನನ್ನೋಣ?

ಮಹೇಶ: ಪದ ಆಮೇಲೆ ನೋಡೋಣ. ಸಾಲಿನ ಕೊನೆಗೆ Z ಇಲ್ಲ, ಅದೇ ತೊಂದರೆ. Z ಹಾಕಿ. ಅದು ಯುಟಿಸಿ ಅಂತ ತಿಳಿದು, ಪ್ರತಿ ಕ್ಯಾಲೆಂಡರೂ ತನ್ನ ಊರಿನ ವೇಳೆಗೆ ಬದಲಿಸಿಕೊಳ್ಳುತ್ತೆ.

ವಸುಧಾ: ಸುಮ್ನೆ Z ಅಂಟಿಸಿದರೆ ಆಗಲ್ಲ, ಮಹೇಶ್. ಬುಕಿಂಗ್ ಇರೋದು ಲಂಡನ್‌ನಲ್ಲಿ, ಜುಲೈ 7ರ ಬೆಳಿಗ್ಗೆ 10ಕ್ಕೆ ಅಂದುಕೊಳ್ಳಿ. ಸುಮಾ ಕೊಟ್ಟ ಸಾಲಿನಲ್ಲಿ ಯಾವ ಊರಿನ 10 ಗಂಟೆ ಅಂತ ಇಲ್ಲ. ಪ್ಯಾರಿಸ್‌ನಲ್ಲಿರುವ ಫೋನು ಅದನ್ನು ಪ್ಯಾರಿಸ್‌ನ 10 ಅಂತಲೇ ತೋರಿಸುತ್ತೆ. ಆಗ ಲಂಡನ್‌ನಲ್ಲಿ ಇನ್ನೂ 9. ಹಾಗಂತ Z ಅಂಟಿಸಿದರೆ ಲಂಡನ್‌ನವರಿಗೇ 11 ಕಾಣುತ್ತೆ, ಯಾಕೆಂದರೆ ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಯುಟಿಸಿಗಿಂತ ಒಂದು ಗಂಟೆ ಮುಂದೆ. ಮೊದಲು ಲೆಕ್ಕ ಮಾಡಿ `090000Z` ಅಂತ ಬರೆಯಬೇಕು. ಜನವರಿಯಲ್ಲಿ ಪರೀಕ್ಷಿಸಿದರೆ ಈ ತಪ್ಪು ಕಾಣೋದೇ ಇಲ್ಲ, ಆಗ ಎರಡೂ ಒಂದೇ! ಇನ್ನೊಂದು ದಾರಿ, ಊರನ್ನೇ ಹೇಳೋದು:

```
DTSTART;TZID=Europe/London:20250707T100000
```

ಹೀಗೆ ಬರೆದರೆ ಅದೇ ಫೈಲಿನಲ್ಲಿ `VTIMEZONE` ಭಾಗವೂ ಇರಬೇಕು.

ರಾಘು: ನನ್ನದೂ ಇದೇ ಸಮಸ್ಯೆ! ಬುಕಿಂಗ್ ವೇಳೆ ಬದಲಾಯಿಸಿದರೆ ಹಳೆಯದು ಹಾಗೇ ಉಳಿದು, ಹೊಸದು ಬೇರೆ ಬಂದು ಕೂರುತ್ತೆ.

ವಸುಧಾ: ಅದು ಬೇರೆ ಕತೆ, ರಾಘು. ಪ್ರತಿ ಸಲ ಹೊಸ `UID` ಹುಟ್ಟಿಸುತ್ತಿದ್ದೀರಿ ಅನ್ಸುತ್ತೆ. `UID` ಹಳೆಯದೇ ಇರಲಿ, `SEQUENCE` ಒಂದು ಹೆಚ್ಚಿಸಿ.

ಮಹೇಶ: ಲೆಕ್ಕ ಮಾಡಿಯೇ Z ಹಾಕಿದರೆ ನನ್ನ ಮಾತು ಸರಿ ತಾನೇ?

ವಸುಧಾ: ಒಂದೇ ಸಲದ ಭೇಟಿಗೆ ಸರಿ. ಪ್ರತಿ ಸೋಮವಾರ 10ಕ್ಕೆ ಅನ್ನೋ ಬುಕಿಂಗ್ ಆದರೆ, ಅಕ್ಟೋಬರ್ 26ಕ್ಕೆ ಲಂಡನ್ ಗಡಿಯಾರ ಹಿಂದೆ ಹೋದ ಮೇಲೆ ಅದೇ `090000Z` 9 ಗಂಟೆ ಅಂತ ಕಾಣುತ್ತೆ. ಅಲ್ಲಿ `TZID` ಬೇಕೇ ಬೇಕು.

ಇನ್ನು ಪದ. ಊರಿಗೆ ಕಟ್ಟುಬೀಳದ ವೇಳೆ ಅದು, ನೀವು ಎಲ್ಲಿದ್ದರೆ ಅಲ್ಲಿನದು. ‘ಎಲ್ಲಿದ್ದರೂ ಬೆಳಿಗ್ಗೆ 8ಕ್ಕೆ ಮಾತ್ರೆ’ ಅನ್ನೋ ನೆನಪೋಲೆಗೆ ಅದೇ ಸರಿ. ನಾನಾದರೆ ‘ಅಲ್ಲಲ್ಲಿನ ವೇಳೆ’ ಅಂತೀನಿ.

ಮಹೇಶ: ಚೆನ್ನಾಗಿದೆ. ಆದರೆ ‘ಲೋಕಲ್ ಟೈಮ್’ಗೂ ಜನ ಅದನ್ನೇ ಅಂದುಕೊಳ್ಳಲ್ವಾ? `TZID` ಇರುವ ಸಾಲೂ ಲೋಕಲ್ಲೇ. ನಾನು ‘ಫ್ಲೋಟಿಂಗ್’ ಅಂತಲೇ ಬಿಡ್ತೀನಿ.

ಸುಮಾ: ಹೌದಲ್ವಾ. ಹಾಗಾದರೆ ‘ಊರು ಹೇಳದ ವೇಳೆ’? ‘ಯಾವ ಊರಿನದು ಅಂತ ಹೇಳಿಲ್ಲ’ ಅನ್ನೋದೇ ಎಚ್ಚರಿಕೆ ತಾನೇ. ಬೇರೆಯವರು ಏನಂತೀರಿ?