ನೋಂದಣಿಯ ದೃಢೀಕರಣ ಮೇಲ್ ಬರುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಕೇಳಿದವರು, ಜಯನಗರ: ಒಂದು ತರಬೇತಿ ತಾಣದಲ್ಲಿ ಮೂರು ದಿನಗಳಿಂದ ನೋಂದಣಿಗೆ ಪ್ರಯತ್ನಿಸುತ್ತಿದ್ದೇನೆ. ದೃಢೀಕರಣದ ಮೇಲ್ ಬರುತ್ತಲೇ ಇಲ್ಲ. ನನ್ನದು ಜಿಮೇಲ್, ಬೇರೆ ಮೇಲ್‌ಗಳೆಲ್ಲ ಬರುತ್ತಿವೆ. ಏನು ಮಾಡಬಹುದು?

ವಿಜಯನಗರದಿಂದ: ಕೆಲವೊಮ್ಮೆ ಮೇಲ್ ತಡವಾಗಿ ಬರುತ್ತದೆ. ಬರುವವರೆಗೂ ‘ಮತ್ತೆ ಕಳುಹಿಸಿ’ ಗುಂಡಿಯನ್ನು ಒತ್ತುತ್ತಿರಿ, ನನಗೆ ಹಾಗೆಯೇ ಬಂದಿತ್ತು.

ಬಸವನಗುಡಿಯಿಂದ: ತಡವಾಗುವುದು ನಿಜ, ಆದರೆ ಪದೇ ಪದೇ ಒತ್ತುವುದು ಸರಿಯಲ್ಲ. ಹೊಸ ಕೊಂಡಿ ಹೊರಟ ಕೂಡಲೇ ಹಳೆಯದನ್ನು ಅನೇಕ ತಾಣಗಳು ರದ್ದು ಮಾಡುವುದರಿಂದ, ಕೊನೆಗೆ ಬಂದ ಮೇಲ್ ಕೂಡ ಕೆಲಸಕ್ಕೆ ಬಾರದೆ ಹೋಗಬಹುದು. ಮೊದಲು ಜಿಮೇಲ್‌ನ ಹುಡುಕಾಟದಲ್ಲಿ ಇದನ್ನು ಹಾಕಿ ನೋಡಿ, ಸ್ಪ್ಯಾಮ್ ಮತ್ತು ಕಸದ ಬುಟ್ಟಿ ಎರಡೂ ಇದರಲ್ಲಿ ಸೇರುತ್ತವೆ.

```
in:anywhere newer_than:3d
```

ಅಲ್ಲಿಯೂ ಇಲ್ಲವೆಂದರೆ ಮೇಲ್ ನಿಮ್ಮ ಪೆಟ್ಟಿಗೆಯವರೆಗೆ ಬಂದೇ ಇಲ್ಲವೆಂದು ತಿಳಿಯಬಹುದು. ನನಗೂ ಹೀಗೆಯೇ ಆಗಿತ್ತು. ಮನೆಯ ಮದುವೆಯ ಫೋಟೋಗಳಿಂದ ನನ್ನ ಖಾತೆಯ 15 ಜಿಬಿ ಪೂರ್ತಿ ತುಂಬಿದ್ದ ವಾರದಲ್ಲಿ ಒಂದು ತಾಣದಲ್ಲಿ ನೋಂದಾಯಿಸಲು ಹೋಗಿದ್ದೆ, ಅವರ ಮೇಲ್ ಹಿಂದಿರುಗಿತು. ಹೀಗೆ ಹಿಂದಿರುಗಿದ ವಿಳಾಸವನ್ನು ಮೇಲ್ ಕಳುಹಿಸುವ ಕೆಲವು ಸೇವೆಗಳು ತಡೆಪಟ್ಟಿಗೆ ಸೇರಿಸಿಬಿಡುತ್ತವೆ. ನಾವು ಜಾಗ ಖಾಲಿ ಮಾಡಿದರೂ ಆ ಪಟ್ಟಿಗೆ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಬೇರೆಲ್ಲ ಮೇಲ್‌ಗಳು ಬರುತ್ತವೆ, ಆ ಒಂದು ತಾಣದ್ದು ಮಾತ್ರ ಬರುವುದಿಲ್ಲ, ಪರದೆಯಲ್ಲಿ ಮಾತ್ರ ‘ಮೇಲ್ ಕಳುಹಿಸಲಾಗಿದೆ’ ಎಂದೇ ತೋರಿಸುತ್ತಿರುತ್ತದೆ.

ಇದನ್ನು ಪರೀಕ್ಷಿಸುವ ಸುಲಭ ದಾರಿಯೊಂದಿದೆ. ಜಿಮೇಲ್ ವಿಳಾಸದ ಹೆಸರಿನ ನಡುವೆ ಒಂದು ಚುಕ್ಕಿ ಸೇರಿಸಿ ನೋಂದಾಯಿಸಿ. ಜಿಮೇಲ್ ಆ ಚುಕ್ಕಿಯನ್ನು ಲೆಕ್ಕಿಸದ ಕಾರಣ ಮೇಲ್ ನಿಮಗೇ ಬರುತ್ತದೆ, ಆದರೆ ಹೆಚ್ಚಿನ ತಾಣಗಳಿಗೆ ಅದು ಬೇರೆ ವಿಳಾಸ. ಹಾಗೆ ಬಂದರೆ ಹಳೆಯ ವಿಳಾಸ ತಡೆಪಟ್ಟಿಯಲ್ಲಿರುವ ಸಾಧ್ಯತೆ ಹೆಚ್ಚು. ಬಾರದಿದ್ದರೆ ತೊಂದರೆ ತಾಣದ ಕಡೆಯದೇ ಇರಬಹುದು.

ಹೆಬ್ಬಾಳದಿಂದ: ನನಗೂ ಒಟಿಪಿ ಬರುತ್ತಿರಲಿಲ್ಲ. ಮೊಬೈಲನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಸರಿಹೋಯಿತು.

ಬಸವನಗುಡಿಯಿಂದ: ಅದು ಎಸ್‌ಎಂಎಸ್‌ನ ವಿಚಾರ ಸರ್, ಇವರು ಕೇಳಿರುವುದು ಮೇಲ್ ಬಗ್ಗೆ.

ವೈಟ್‌ಫೀಲ್ಡ್‌ನಿಂದ: ನಮ್ಮ ಕಚೇರಿಯ ವಿಳಾಸಕ್ಕೆ ಇಂಥ ಮೇಲ್‌ಗಳು ಬಂದರೆ ಕಂಪನಿಯ ಸೋಸುವ ವ್ಯವಸ್ಥೆಯಲ್ಲೇ ನಿಂತುಬಿಡುತ್ತವೆ. ಐಟಿ ವಿಭಾಗದವರೇ ಅದನ್ನು ಬಿಡಬೇಕು. ಅಂಥ ವಿಳಾಸದಿಂದ ನೋಂದಾಯಿಸುವವರಿಗೆ ಸ್ಪ್ಯಾಮ್ ನೋಡುವುದರಿಂದ ಪ್ರಯೋಜನವಿಲ್ಲ.

ಕೇಳಿದವರು, ಜಯನಗರ: ಹುಡುಕಿದೆ, ಎಲ್ಲಿಯೂ ಇಲ್ಲ. ಕಳೆದ ತಿಂಗಳು ನನ್ನ ಖಾತೆಯೂ ತುಂಬಿತ್ತು, ಆಗಲೇ ಒಮ್ಮೆ ಇದೇ ತಾಣದಲ್ಲಿ ಪ್ರಯತ್ನಿಸಿದ್ದೆ. ಚುಕ್ಕಿ ಸೇರಿಸಿದ ವಿಳಾಸಕ್ಕೆ ಒಂದೇ ನಿಮಿಷದಲ್ಲಿ ಮೇಲ್ ಬಂತು. ಆದರೆ ಪ್ರಮಾಣಪತ್ರಕ್ಕೆ ನನಗೆ ಹಳೆಯ ವಿಳಾಸವೇ ಬೇಕು.

ಬಸವನಗುಡಿಯಿಂದ: ಹಾಗಾದರೆ ತಾಣದ ಸಹಾಯ ವಿಭಾಗಕ್ಕೆ ಬರೆಯಿರಿ. ‘ಮೇಲ್ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಸ್ಪ್ಯಾಮ್ ನೋಡಿ ಎಂಬ ಉತ್ತರ ಬರುತ್ತದೆ. ‘ನನ್ನ ವಿಳಾಸ ನಿಮ್ಮ ಮೇಲ್ ಸೇವೆಯ ಬೌನ್ಸ್ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ತೆಗೆಯಿರಿ’ ಎಂದು ಕೇಳಿ, ಪ್ರಯತ್ನಿಸಿದ ದಿನ ಮತ್ತು ಸಮಯವನ್ನೂ ಕೊಡಿ. ನನ್ನದನ್ನು ಮರುದಿನವೇ ತೆಗೆದರು.

ಕೇಳಿದವರು, ಜಯನಗರ: ಈಗಷ್ಟೇ ಬರೆದಿದ್ದೇನೆ. ಉತ್ತರ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.