‘ಇಂಜೆಕ್ಷನ್ ಕೊಟ್ಟು ಮಲಗಿಸಿದರು’ ಎಂದಿದ್ದೆವು. ಈಗ ಮಗಳು ಮಲಗಲು ಹೆದರುತ್ತಾಳೆ

ಪ್ರಶ್ನೆ (ಒಬ್ಬ ತಾಯಿ): ನಮ್ಮ ನಾಯಿ ಕರಿಯನಿಗೆ 13 ವರ್ಷವಾಗಿತ್ತು. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದರಿಂದ 10 ದಿನಗಳ ಹಿಂದೆ ಪಶುವೈದ್ಯರ ಸಲಹೆಯಂತೆ ದಯಾಮರಣ ಕೊಡಿಸಿದೆವು. ಐದು ವರ್ಷದ ಮಗಳಿಗೆ ‘ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಿಸಿದರು’ ಎಂದೆವು. ಆ ರಾತ್ರಿಯಿಂದ ದೀಪ ಆರಿಸಿದರೆ ಅಳುತ್ತಾಳೆ, ‘ಕರಿಯ ಯಾವಾಗ ಏಳ್ತಾನೆ’ ಎಂದು ಕೇಳುತ್ತಾಳೆ. ಒಂಬತ್ತು ವರ್ಷದ ಮಗ ಏನೂ ಮಾತಾಡುವುದಿಲ್ಲ. ಏನು ಮಾಡಬೇಕು?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ಮೊದಲು ಮಾತನ್ನು ಸರಿಪಡಿಸಿ, ಇಂದೇ ಸರಿಪಡಿಸಿ. ಐದು ವರ್ಷದ ಮಗು ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ. ಮಲಗಿದವರು ಏಳುತ್ತಾರೆ ಎಂಬುದು ಅವಳಿಗೆ ಪ್ರತಿದಿನದ ಅನುಭವವಾದ್ದರಿಂದ ಅವಳು ಕಾಯುತ್ತಿದ್ದಾಳೆ, ಮತ್ತು ಮಲಗಿದ ಕರಿಯ ಏಳಲೇ ಇಲ್ಲವಾದ್ದರಿಂದ ತಾನು ಮಲಗಿದರೂ ಹಾಗೆಯೇ ಆದೀತೆಂದು ಹೆದರುತ್ತಿದ್ದಾಳೆ. ಅವಳ ತರ್ಕದಲ್ಲಿ ತಪ್ಪಿಲ್ಲ, ನಾವು ಕೊಟ್ಟ ಪದದಲ್ಲಿ ತಪ್ಪಿದೆ. ‘ದೂರ ಹೋದ’, ‘ನಮ್ಮನ್ನು ಬಿಟ್ಟುಹೋದ’ ಎಂಬ ಮಾತುಗಳೂ ಇದೇ ಬಗೆಯ ತೊಂದರೆ ತರುತ್ತವೆ, ಏಕೆಂದರೆ ಹೋದವರು ಬರಬಹುದು, ಬಿಟ್ಟುಹೋದವರಿಗೆ ನಮ್ಮ ಮೇಲೆ ಕೋಪವಿರಬಹುದು.

ಹಗಲಿನಲ್ಲಿ, ಮಲಗುವ ಹೊತ್ತಿಗೆ ಬಹಳ ಮುಂಚೆ, ಅವಳ ಪಕ್ಕ ಕೂತು ಹೀಗೆ ಹೇಳಿ: ‘ಕರಿಯ ಮಲಗಿದ ಅಂತ ಹೇಳಿದ್ದೆ, ಅದು ತಪ್ಪು. ಕರಿಯ ಸತ್ತುಹೋದ. ಸತ್ತಮೇಲೆ ಉಸಿರಾಡೋದಿಲ್ಲ, ಹಸಿವಾಗೋದಿಲ್ಲ, ನೋವಾಗೋದಿಲ್ಲ, ಮತ್ತೆ ಏಳೋದೂ ಇಲ್ಲ. ನಿದ್ದೆ ಬೇರೆ, ನಿದ್ದೆ ಮಾಡುವಾಗ ಉಸಿರಾಡ್ತಾನೇ ಇರ್ತೀವಿ.’ ಆಮೇಲೆ ಮಲಗಿರುವ ಅಪ್ಪನ ಎದೆಯ ಮೇಲೆ ಅವಳ ಅಂಗೈ ಇರಿಸಿ, ಎದೆ ಏರಿಳಿಯುವುದನ್ನು ಅವಳೇ ಕಾಣಲಿ. ಐದಾರು ವಾಕ್ಯಗಳ ವಿವರಣೆಗಿಂತ ಆ ಅಂಗೈಗೆ ಹೆಚ್ಚು ತಿಳಿಯುತ್ತದೆ.

ಇಂಜೆಕ್ಷನ್ ವಿಷಯವನ್ನು ಬಿಡಬೇಡಿ. ಬಿಟ್ಟರೆ ಮುಂದಿನ ಲಸಿಕೆಯ ದಿನ ಆ ಭಯ ಬೇರೆ ರೂಪದಲ್ಲಿ ಹೊರಬರುತ್ತದೆ. ‘ಕರಿಯನಿಗೆ ಕೊಟ್ಟದ್ದು ಬೇರೆಯೇ ಔಷಧಿ. ತುಂಬ ನೋವಿದ್ದು, ಯಾವ ಔಷಧಿಯಿಂದಲೂ ವಾಸಿಯಾಗದ ನಾಯಿಗೆ ಮಾತ್ರ ಅದನ್ನು ಕೊಡ್ತಾರೆ. ನಿನಗೆ ಕೊಡುವ ಇಂಜೆಕ್ಷನ್ ನೀನು ಆರೋಗ್ಯವಾಗಿರಲಿ ಅಂತ’ ಎಂದರೆ ಸಾಕು. ರೋಗವನ್ನೂ ಹೆಸರಿಟ್ಟೇ ಹೇಳಿ. ‘ಹುಷಾರಿರಲಿಲ್ಲ’ ಎಂದಷ್ಟೇ ಹೇಳಿದರೆ ನೆಗಡಿಯಾದಾಗಲೂ ತಾನು ಸಾಯುವೆನೆಂದು ಮಗು ಭಾವಿಸಬಹುದು.

ಅವಳು ಮತ್ತೆ ಮತ್ತೆ ಕೇಳುತ್ತಾಳೆ, ಕೆಲವೊಮ್ಮೆ ಒಂದೇ ದಿನ ನಾಲ್ಕು ಸಲ. ಪ್ರತಿ ಸಲವೂ ಅದೇ ಪದಗಳಲ್ಲಿ ಉತ್ತರಿಸಿ, ಏಕೆಂದರೆ ಉತ್ತರ ಬದಲಾಗುತ್ತದೆಯೇ ಎಂದು ಅವಳು ಪರೀಕ್ಷಿಸುತ್ತಿರುತ್ತಾಳೆ. ಈಗ ಅತ್ತು ಹತ್ತು ನಿಮಿಷಕ್ಕೆ ನಗುತ್ತಾ ಆಡಿದರೆ ದುಃಖವೇ ಇಲ್ಲವೆಂದು ತಿಳಿಯಬೇಡಿ. ಆ ವಯಸ್ಸಿನವರ ದುಃಖ ಬಿಟ್ಟುಬಿಟ್ಟು ಬರುವ ಮಳೆಯಂತೆ.

ಒಬ್ಬ ತಂದೆ: ಇಷ್ಟೊಂದು ವಿವರಿಸುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಮಕ್ಕಳು ಬೇಗ ಮರೆಯುತ್ತಾರೆ. ನಾವು ಮೂರನೆಯ ದಿನವೇ ಹೊಸ ಮರಿ ತಂದೆವು, ಮಗನ ಅಳು ನಿಂತೇಹೋಯಿತು.

ಮನಶ್ಶಾಸ್ತ್ರಜ್ಞೆ: ಮರಿಯ ಜೊತೆ ಆಡುತ್ತಾ ಮಗು ಹಗುರಾಗುತ್ತದೆ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳು ನಿಂತಿದ್ದಕ್ಕೆ ಎರಡು ಕಾರಣಗಳಿರಬಹುದು: ದುಃಖ ಕಡಿಮೆಯಾಗಿರಬಹುದು, ಅಥವಾ ಹೊಸ ಮರಿ ಬಂದಮೇಲೆ ಹಳೆಯದಕ್ಕಾಗಿ ಅಳಬಾರದೆಂದು ಅವನು ತಿಳಿದಿರಬಹುದು. ಹಳೆಯ ನಾಯಿಯ ಹೆಸರನ್ನು ನೀವಾಗಿಯೇ ಎತ್ತಿ ನೋಡಿ. ಸಹಜವಾಗಿ ಅದರ ಬಗ್ಗೆ ಮಾತಾಡಿದರೆ ಚಿಂತೆಯಿಲ್ಲ. ಮುಖ ತಿರುಗಿಸಿ ಎದ್ದುಹೋದರೆ ಅವನ ಜೊತೆ ಕೂರಬೇಕಾಗಿದೆ.

ಒಬ್ಬ ಅಜ್ಜಿ: ಮೊಮ್ಮಗಳು ರಾತ್ರಿ ದೀಪ ಹಾಕಿಕೊಂಡೇ ಮಲಗುತ್ತಾಳೆ. ಕತ್ತಲೆಯ ಭಯಕ್ಕೆ ಚಿಕ್ಕ ದೀಪ ಇಟ್ಟುಬಿಡಿ ತಾಯಿ, ಎರಡು ವಾರದಲ್ಲಿ ಸರಿಹೋಗುತ್ತದೆ.

ಮನಶ್ಶಾಸ್ತ್ರಜ್ಞೆ: ದೀಪ ಇಡುವುದರಿಂದ ತೊಂದರೆಯೇನಿಲ್ಲ ಅಮ್ಮ. ಆದರೆ ಈ ಮಗುವಿಗಿರುವುದು ಕತ್ತಲೆಯ ಭಯವಲ್ಲ, ಏಳದೇ ಹೋಗುವ ಭಯ. ಆದ್ದರಿಂದ ದೀಪದ ಜೊತೆಗೆ, ‘ಬೆಳಿಗ್ಗೆ ನಾನೇ ಬಂದು ನಿನ್ನನ್ನು ಎಬ್ಬಿಸುತ್ತೇನೆ’ ಎಂದು ಹೇಳಿ ತಾಯಿ ಅದನ್ನು ತಪ್ಪದೇ ನಡೆಸಿಕೊಡಬೇಕು.

ಪಶುವೈದ್ಯರೊಬ್ಬರು: ನನ್ನ ಕಡೆಯಿಂದ ಒಂದು ಮಾತು. ‘ಮಲಗಿಸುತ್ತೇವೆ’ ಎಂಬ ಪದವನ್ನು ನಾವೇ ದೊಡ್ಡವರ ಮುಂದೆ ಬಳಸುತ್ತೇವೆ, ಅದೇ ಮನೆಗೆ ಹೋಗುತ್ತದೆ. ನಿಜವಾಗಿ ನಡೆಯುವುದು ಹೀಗೆ: ಸಾಮಾನ್ಯವಾಗಿ ಮೊದಲು ಶಾಂತಗೊಳಿಸುವ ಔಷಧಿ, ನಂತರ ಅರಿವಳಿಕೆ ಔಷಧಿಯನ್ನು ಮಿತಿಮೀರಿದ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತೇವೆ. ಕೆಲವೇ ಕ್ಷಣಗಳಲ್ಲಿ ಅರಿವು ಹೋಗುತ್ತದೆ, ಕೆಲವು ನಿಮಿಷಗಳೊಳಗೆ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಸತ್ತ ಮೇಲೂ ಒಮ್ಮೊಮ್ಮೆ ಉಸಿರೆಳೆದಂತೆ ಕಾಣಬಹುದು. ದೊಡ್ಡ ಮಕ್ಕಳು ಜೊತೆಗಿರುವುದಾದರೆ ಇದನ್ನು ಮೊದಲೇ ತಿಳಿಸದಿದ್ದರೆ ‘ಅವನು ಇನ್ನೂ ಬದುಕಿದ್ದ’ ಎಂಬ ಶಂಕೆ ಅವರಲ್ಲಿ ಬಹುಕಾಲ ಉಳಿಯುತ್ತದೆ. ಮಕ್ಕಳು ಆ ಹೊತ್ತಿನಲ್ಲಿ ಇರಬೇಕೇ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಚಿಕ್ಕವರು ಹೊರಗಿರುವುದೇ ಒಳ್ಳೆಯದೆಂದು ನನ್ನ ಭಾವನೆ.

ಪ್ರಶ್ನೆ ಕೇಳಿದ ತಾಯಿ (ಐದು ದಿನಗಳ ನಂತರ): ತಾವು ಹೇಳಿದಂತೆಯೇ ಹೇಳಿದೆ. ಮಗಳು ಬಹಳ ಹೊತ್ತು ಅಪ್ಪನ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಹಾಗಾದರೆ ಅವನಿಗೆ ಚಳಿಯಾಗಲ್ವಾ’ ಎಂದು ಕೇಳಿದಳು. ಆಮೇಲೆ ‘ನೀನೂ ಸಾಯ್ತೀಯಾ’ ಎಂದಳು. ನನಗೆ ಉತ್ತರ ತೋಚಲಿಲ್ಲ. ನಿನ್ನೆ ಮಗ ಮೊದಲ ಬಾರಿಗೆ ಬಾಯಿಬಿಟ್ಟ. ಕರಿಯ ಊಟ ಬಿಟ್ಟ ವಾರದಲ್ಲಿ, ಕಾಲಿಗೆ ಅಡ್ಡ ಬಂದನೆಂದು ತಾನು ಅವನನ್ನು ಜೋರಾಗಿ ಗದರಿದ್ದೆ, ಅದಕ್ಕೇ ಅವನು ಸತ್ತ ಎಂದು ಬಿಕ್ಕಿ ಬಿಕ್ಕಿ ಅತ್ತ.

ಮನಶ್ಶಾಸ್ತ್ರಜ್ಞೆ: ಮಗಳಿಗೆ ‘ಎಲ್ಲರೂ ಒಂದು ದಿನ ಸಾಯ್ತಾರೆ. ಆದರೆ ನಾನೀಗ ಆರೋಗ್ಯವಾಗಿದ್ದೀನಿ, ಬಹಳ ವರ್ಷ ನಿನ್ನ ಜೊತೆ ಇರ್ತೀನಿ ಅಂದುಕೊಂಡಿದ್ದೀನಿ’ ಎನ್ನಿ. ‘ನಾನು ಸಾಯೋದೇ ಇಲ್ಲ’ ಎಂಬ ಮಾತು ಮಾತ್ರ ಬೇಡ.

ಮಗನ ವಿಷಯದಲ್ಲಿ ಅವಸರ ಬೇಡ. ಒಂಬತ್ತು ವರ್ಷದವನಿಗೆ ಸಾವು ಮರಳಿ ಬಾರದ್ದು ಎಂದು ಗೊತ್ತಿರುತ್ತದೆ. ಆದರೆ ತನ್ನ ಕೋಪಕ್ಕೂ ಅದಕ್ಕೂ ಸಂಬಂಧ ಕಟ್ಟುವುದು ಆ ವಯಸ್ಸಿನಲ್ಲಿಯೂ ಉಳಿದಿರುತ್ತದೆ. ‘ನಿನ್ನ ತಪ್ಪಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅವನ ನೆನಪಿನಲ್ಲಿರುವ ಆ ಗದರಿಕೆ ಹಾಗೆಯೇ ಉಳಿಯುತ್ತದೆ. ಮೊದಲು ಅವನು ಹೇಳುವುದನ್ನೆಲ್ಲ ಕೇಳಿ, ‘ಗದರಿದ್ದು ನೆನೆದು ಸಂಕಟವಾಗುತ್ತಿದೆ’ ಎಂದು ಒಪ್ಪಿಕೊಳ್ಳಿ. ನಂತರ ರಕ್ತ ಪರೀಕ್ಷೆಯ ವರದಿ ಮನೆಯಲ್ಲಿದ್ದರೆ ತೋರಿಸಿ, ಗದರಿದ ವಾರಕ್ಕಿಂತ ಬಹಳ ಮೊದಲೇ ಮೂತ್ರಪಿಂಡ ಕೆಡುತ್ತಾ ಬಂದಿತ್ತು ಎಂದು ವಿವರಿಸಿ. ಕಾರಣವೊಂದು ಕಣ್ಣೆದುರು ಇದ್ದಾಗ ತಾನೇ ಕಾರಣ ಎಂಬ ಕಲ್ಪನೆ ಸಡಿಲವಾಗುತ್ತದೆ. ಬೇಕೆಂದರೆ ಅವನು ಕರಿಯನಿಗೆ ಒಂದು ಪತ್ರ ಬರೆಯಲಿ. ಓದಲು ಕೊಟ್ಟರೆ ಮಾತ್ರ ಓದಿ.

ಕೆಲವು ವಾರಗಳ ನಂತರವೂ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆಗೆ ಹೋಗಲು ನಿರಾಕರಿಸಿದರೆ, ಅಥವಾ ತಾನೂ ಸತ್ತು ಕರಿಯನ ಬಳಿ ಹೋಗಬೇಕೆಂದು ಒಮ್ಮೆ ಹೇಳಿದರೂ, ಇಲ್ಲಿ ಕೇಳುತ್ತಾ ಕೂರದೆ ನೇರವಾಗಿ ತಜ್ಞರನ್ನು ಕಾಣಿ. ಆ ಕೊನೆಯ ಮಾತಿಗೆ ವಾರಗಳವರೆಗೆ ಕಾಯಬಾರದು.

ತಾಯಿ: ದಯಾಮರಣದ ತೀರ್ಮಾನ ತೆಗೆದುಕೊಂಡವರು ಯಾರು ಎಂದು ಮಗ ಕೇಳಿದರೆ?

ಮನಶ್ಶಾಸ್ತ್ರಜ್ಞೆ: ಸತ್ಯವನ್ನೇ ಹೇಳಿ, ಡಾಕ್ಟರ ಮೇಲೆ ಹಾಕಬೇಡಿ. ಅವನು ನಿಮ್ಮ ಮೇಲೆ ಸಿಟ್ಟಾಗಬಹುದು, ತನ್ನನ್ನು ಏಕೆ ಕೇಳಲಿಲ್ಲ ಎನ್ನಬಹುದು. ಆ ಸಿಟ್ಟನ್ನು ಸಮರ್ಥನೆಯಿಂದ ಅಡಗಿಸದೆ ಕೇಳಿಸಿಕೊಳ್ಳಿ.

ತಾಯಿ: ಅವನನ್ನು ಮೊದಲೇ ಕೇಳಬೇಕಿತ್ತೇ ಎಂದು ನನಗೂ ಅನಿಸುತ್ತಿದೆ. ಈ ಭಾನುವಾರ ವರದಿ ತೆಗೆದು ಅವನ ಜೊತೆ ಕೂರುತ್ತೇನೆ.