ಒಂದೇ ದೇಶದಲ್ಲಿ ಮರೆಯಾದ ಪೋಸ್ಟ್: ಯಾರನ್ನು ಕೇಳಬೇಕು?

ದೀಪದಕುಡಿ: ನನ್ನ ಒಂದು ಪೋಸ್ಟ್ ಒಂದು ದೇಶದಲ್ಲಿ ಮಾತ್ರ ಕಾಣುತ್ತಿಲ್ಲ. ಕಾನೂನಿನ ಕಾರಣಕ್ಕೆ ತಡೆದಿದ್ದೇವೆ ಅಂತ ಬರುತ್ತೆ. ಬೇರೆ ಕಡೆಯ ಗೆಳೆಯರಿಗೆ ಸರಿಯಾಗಿ ಕಾಣುತ್ತೆ. ಅಪೀಲ್ ಬಟನ್ನೇ ಇಲ್ಲ. ಹೀಗಾದವರು ಏನು ಮಾಡಿದಿರಿ? ಅಳಿಸಿ ಮತ್ತೆ ಹಾಕಲಾ?

ನೇರಳೆ: ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ರೀ. ಸೆಟ್ಟಿಂಗ್ಸ್‌ನಲ್ಲಿ ದೇಶ ಬದಲಾಯಿಸಿ, ಇಲ್ಲಾಂದ್ರೆ ವಿಪಿಎನ್ ಹಾಕಿ. ನನಗೂ ಹೀಗೇ ಆಗಿತ್ತು. ವಿಪಿಎನ್ ಹಾಕಿದ ತಕ್ಷಣ ಪೋಸ್ಟ್ ವಾಪಸ್ ಬಂತು.

ಹಳೇಕಡತ: ನೇರಳೆಯವರೇ, ಪೋಸ್ಟ್ ವಾಪಸ್ ಬರಲಿಲ್ಲ, ನೀವು ಪಕ್ಕದ ಕಿಟಕಿಯಿಂದ ನೋಡಿದಿರಿ ಅಷ್ಟೇ. ತಡೆ ಇರುವುದು ಓದುವವರು ಎಲ್ಲಿದ್ದಾರೆ ಅನ್ನುವುದರ ಮೇಲೆ. ನೀವು ನಿಮ್ಮ ದೇಶ ಬದಲಾಯಿಸಿದರೆ ಆ ದೇಶದ ಸಾವಿರ ಓದುಗರಿಗೆ ಏನೂ ಬದಲಾಗಲ್ಲ. ಆದರೂ ವಿಪಿಎನ್ ಒಂದು ಕೆಲಸಕ್ಕೆ ಬರುತ್ತೆ: ತಡೆ ಎಲ್ಲೆಲ್ಲಿದೆ ಅಂತ ನೋಡೋಕೆ.

ದೀಪದಕುಡಿಯವರೇ, ದಯವಿಟ್ಟು ಅಳಿಸಬೇಡಿ. ಆದೇಶದಲ್ಲಿ ಸಾಮಾನ್ಯವಾಗಿ ಪೋಸ್ಟಿನ ಲಿಂಕ್ ಬರೆದಿರುತ್ತಾರೆ. ನಾಳೆ ಆದೇಶ ರದ್ದಾದರೆ ಅದೇ ಲಿಂಕನ್ನೇ ಬಿಡುಗಡೆ ಮಾಡಬೇಕು. ನೀವೇ ಅಳಿಸಿದ್ದರೆ ಬಿಡುಗಡೆ ಮಾಡೋಕೆ ಏನೂ ಉಳಿದಿರಲ್ಲ. ಎರಡೂ ಕಡೆಯಿಂದ ಸ್ಕ್ರೀನ್‌ಶಾಟ್ ತೆಗೆದು, ತಾರೀಖು ಬರೆದಿಡಿ.

ಮೊದಲು ಒಂದು ವಿಷಯ ತಿಳಿಯಬೇಕು. ಆ ಕಂಪನಿಗೆ ಬಂದದ್ದು ಆದೇಶವೋ, ಬರೀ ದೂರೋ? ಪರದೆ ಮೇಲೆ ಎರಡೂ ಒಂದೇ ಥರ ಕಾಣಬಹುದು. ಯಾರೋ ವಕೀಲರು ಅಥವಾ ಇಲಾಖೆಯವರು ‘ಇದು ನಮ್ಮ ದೇಶದ ಕಾನೂನಿಗೆ ವಿರುದ್ಧ’ ಅಂತ ಬರೆದರೂ ಕಂಪನಿ ತಾನೇ ತೀರ್ಮಾನ ಮಾಡಿ ತಡೆಯಬಹುದು. ಹಾಗಿದ್ದರೆ ತೀರ್ಮಾನ ಕಂಪನಿಯದು, ಅವರೊಂದಿಗೇ ವಾದ ಮಾಡಬಹುದು. ಕೋರ್ಟು ಅಥವಾ ಸರ್ಕಾರದ ಆದೇಶ ಆಗಿದ್ದರೆ ಕಂಪನಿ ಬರೀ ಬಾಗಿಲು ಹಾಕಿದ ಕಾವಲುಗಾರ. ಬೀಗದ ಕೈ ಬೇರೆಯವರ ಹತ್ತಿರ ಇರುತ್ತೆ. ನಿಮಗೆ ಇಮೇಲ್ ಬಂದಿದೆಯಾ? ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ.

ತಂಬೂರಿ: ನನ್ನ ವಿಡಿಯೋ ಹೋದಾಗ ನಾನು ದೂರು ತಪ್ಪು ಅಂತ ಕೌಂಟರ್ ನೋಟಿಸ್ ಹಾಕಿದೆ. ಹೆಚ್ಚು ಕಡಿಮೆ ಎರಡು ವಾರದಲ್ಲಿ ವಾಪಸ್ ಬಂತು. ಹಿನ್ನೆಲೆ ಸಂಗೀತದ್ದು ತಕರಾರು. ನೀವೂ ಅದನ್ನೇ ಹಾಕಿ.

ಹಳೇಕಡತ: ಅದು ಕಾಪಿರೈಟ್ ದಾರಿ. ಅಮೆರಿಕದ ಡಿಎಂಸಿಎ ಕಾನೂನಿನಲ್ಲಿ ಕೌಂಟರ್ ನೋಟಿಸ್ ಕೊಟ್ಟ ಮೇಲೆ ದೂರು ಕೊಟ್ಟವರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ವಾಪಸ್ ಹಾಕಬೇಕು. ದೇಶದ ಆದೇಶಕ್ಕೆ ಆ ಗಡಿಯಾರ ಇಲ್ಲ. ಆ ಫಾರ್ಮ್ ತುಂಬಿದರೆ ‘ಇದು ಕಾಪಿರೈಟ್ ಅಲ್ಲ’ ಅಂತ ಉತ್ತರ ಬರುತ್ತೆ, ಅಷ್ಟೇ.

ಎಕ್ಸ್‌ನಲ್ಲಾದರೆ ಕಾಪಿರೈಟ್ ತಡೆಗೂ ದೇಶದ ತಡೆಗೂ ಇರೋ ವ್ಯತ್ಯಾಸ ಕಂಡುಹಿಡಿಯೋದು ಸುಲಭ. ಪ್ರೋಗ್ರಾಂ ಮೂಲಕ ಮಾಹಿತಿ ತೆಗೆಯೋ ಎಪಿಐ ಬಳಸೋ ಗೆಳೆಯರಿದ್ದರೆ ಪೋಸ್ಟಿನ ಈ ಭಾಗ ತೆಗೆಸಿ ನೋಡಿ:

```
"withheld": {
  "copyright": false,
  "country_codes": ["DE"]
}
```

ಇದು ಜರ್ಮನಿಯಲ್ಲಿ ತಡೆದದ್ದಕ್ಕೆ ಮಾದರಿ. `XX` ಅಂತಿದ್ದರೆ ಎಲ್ಲ ದೇಶಗಳಲ್ಲೂ, `XY` ಅಂತಿದ್ದರೆ ಡಿಎಂಸಿಎ ಕಾರಣಕ್ಕೆ ತಡೆದದ್ದು.

ದೀಪದಕುಡಿ: ಸ್ಪ್ಯಾಮ್‌ನಲ್ಲೇ ಇತ್ತು! ಆರು ಸಾಲು. ‘ಸ್ಥಳೀಯ ಕಾನೂನು ಪಾಲಿಸಲು’ ಅಂತಿದೆ. ಯಾರ ಆದೇಶ, ಯಾವ ತಾರೀಖು ಏನೂ ಇಲ್ಲ.

ಹಳೇಕಡತ: ನನ್ನದೂ ಹಾಗೇ ಇತ್ತು. ನಾನು ಹಳೇ ಫೋಟೋಗಳ ಪುಟ ನಡೆಸುತ್ತೇನೆ. ಒಂದು ಕಟ್ಟಡದ ಬಗ್ಗೆ ಬರೆದದ್ದು ಒಂದು ದೇಶದಲ್ಲಿ ಮಾಯವಾಯ್ತು. ಮೊದಲು ಸಿಟ್ಟಿನಲ್ಲಿ ಎರಡು ಪುಟ ವಾದ ಬರೆದೆ. ಸಿದ್ಧ ಉತ್ತರ ಬಂತು. ಎರಡನೇ ಸಲ, ಅದೇ ಇಮೇಲಿನ ಕೇಸ್ ನಂಬರ್ ಹಾಕಿ, ನಾಲ್ಕೇ ಪ್ರಶ್ನೆ ಕೇಳಿದೆ. ಇದು ಆದೇಶವೋ ದೂರೋ? ಹೊರಡಿಸಿದವರು ಯಾರು, ಯಾವ ತಾರೀಖು, ಯಾವ ಕಾನೂನು? ತಾತ್ಕಾಲಿಕವೋ ಶಾಶ್ವತವೋ? ಪ್ರತಿ ಕೊಡುತ್ತೀರಾ?

ಹನ್ನೆರಡು ದಿನಕ್ಕೆ ಉತ್ತರ ಬಂತು. ಪ್ರತಿ ಕೊಡಲಿಲ್ಲ. ಆದರೆ ಕೋರ್ಟಿನ ಹೆಸರು, ಕೇಸ್ ನಂಬರ್ ಕೊಟ್ಟರು. ಅದೊಂದು ಸಿಕ್ಕರೆ ಸಾಕು. ವಕೀಲರು ಕಡತ ತೆಗೆಸಿದಾಗ ಗೊತ್ತಾಯ್ತು: ಇಬ್ಬರ ನಡುವಿನ ಮಾನನಷ್ಟದ ಜಗಳ, ಅದರಲ್ಲಿ ಮಧ್ಯಂತರ ತಡೆಯಾಜ್ಞೆ, ಜೊತೆಗೆ ನಲವತ್ತಕ್ಕೂ ಜಾಸ್ತಿ ಲಿಂಕುಗಳ ಪಟ್ಟಿ. ನನ್ನ ಲಿಂಕ್ ಇಪ್ಪತ್ತೇಳನೆಯದು! ಕಟ್ಟಡದ ಹೆಸರೂ ಆ ವ್ಯಕ್ತಿಯ ಮನೆತನದ ಹೆಸರೂ ಒಂದೇ. ಯಾರೋ ಹುಡುಕಿ, ಬಂದದ್ದನ್ನೆಲ್ಲ ಪಟ್ಟಿಗೆ ಸುರಿದಿದ್ದರು.

ನಾನು ಆ ಕೇಸಿನಲ್ಲಿ ಪಕ್ಷಗಾರನೇ ಅಲ್ಲ. ಅದಕ್ಕೇ ಮೊದಲು ನನ್ನನ್ನು ಸೇರಿಸಿಕೊಳ್ಳಿ ಅಂತ, ಆಮೇಲೆ ನನ್ನ ಲಿಂಕಿನ ಮಟ್ಟಿಗೆ ಆದೇಶ ತೆಗೆಯಿರಿ ಅಂತ ಅರ್ಜಿ ಹಾಕಿದೆವು. ಪೋಸ್ಟಿನಲ್ಲಿ ಆ ವ್ಯಕ್ತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಎದುರು ಪಕ್ಷದವರೂ ತಕರಾರು ಮಾಡಲಿಲ್ಲ. ಲಿಂಕ್ ಪಟ್ಟಿಯಿಂದ ಹೋಯ್ತು.

ಆಮೇಲೂ ಮೂರು ವಾರ ಪೋಸ್ಟ್ ಕಾಣಲಿಲ್ಲ! ಕೋರ್ಟು ಕಂಪನಿಗೆ ತಾನಾಗಿ ತಿಳಿಸುತ್ತೆ ಅಂದುಕೊಂಡು ಸುಮ್ನೆ ಕೂತಿದ್ದೆ. ಕೊನೆಗೆ ದೃಢೀಕೃತ ಪ್ರತಿಯನ್ನು ಹಳೇ ಕೇಸ್ ನಂಬರಿನ ಇಮೇಲಿಗೇ ಕಳಿಸಿದೆ. ನಾಲ್ಕು ದಿನದಲ್ಲಿ ಬಂತು.

ಮುಂಗಾರುಮನೆ: ಎಲ್ಲರಿಗೂ ಈ ಅದೃಷ್ಟ ಇಲ್ಲ ಸರ್. ಸರ್ಕಾರವೇ ತಡೆದರೆ ಕೇಸ್ ನಂಬರೂ ಸಿಗಲ್ಲ. ಸರ್ಕಾರಕ್ಕೆ ತಡೆಯೋ ಅಧಿಕಾರ ಕೊಡುವ, ಭಾರತದ ಐಟಿ ಕಾಯ್ದೆಯ 69ಎ ಕಲಂ ನೋಡಿ. ಅದರ 2009ರ ನಿಯಮಗಳಲ್ಲಿ 16ನೆಯದು, ದೂರು ಮತ್ತು ಕ್ರಮವನ್ನು ಗುಟ್ಟಾಗಿಡಬೇಕು ಅನ್ನುತ್ತೆ. ಹಾಗಿದ್ದರೆ ಕೇಳಿ ಏನು ಉಪಯೋಗ?

ಹಳೇಕಡತ: ಒಪ್ಪುತ್ತೇನೆ. ಅಲ್ಲಿ ದಾರಿ ಕಡಿದಾದದ್ದು. ಅದೇ ನಿಯಮಗಳ 8ನೆಯದರಲ್ಲಿ, ಬರೆದವರನ್ನು ಅಥವಾ ಮಧ್ಯವರ್ತಿ ಕಂಪನಿಯನ್ನು ಗುರುತಿಸಿ ನೋಟಿಸ್ ಕೊಟ್ಟು, ಉತ್ತರಿಸಲು ಕನಿಷ್ಠ 48 ಗಂಟೆ ಕೊಡಬೇಕು ಅಂತಿದೆ. ಆ ‘ಅಥವಾ’ ಪದದಲ್ಲೇ ಜಗಳ ಇರೋದು. ಕಂಪನಿಗೆ ಮಾತ್ರ ಕೊಟ್ಟು, ಬರೆದವರಿಗೆ ತಿಳಿಸದೇ ಇದ್ದರೆ ಸಾಕಾ? ತುರ್ತು ಅಂದರೆ 9ನೇ ನಿಯಮದಲ್ಲಿ ನೋಟಿಸಿಗೂ ಮೊದಲೇ ತಡೆಯಬಹುದು. ಅಲ್ಲಿ ಉಳಿಯೋದು ಹೈಕೋರ್ಟಿನ ರಿಟ್ ಅರ್ಜಿ. 69ಎ ಕಲಂ ಸರಿ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ಆದೇಶಕ್ಕೆ ಕಾರಣ ಬರೆದಿಡಬೇಕು, ಅದನ್ನು ರಿಟ್‌ನಲ್ಲಿ ಪ್ರಶ್ನಿಸಬಹುದು ಅನ್ನೋದೂ ಅದರ ಲೆಕ್ಕದಲ್ಲಿತ್ತು.

ಯುರೋಪಿಯನ್ ಒಕ್ಕೂಟದಲ್ಲಿ ಉಲ್ಟಾ. ಅಲ್ಲಿನ ಡಿಎಸ್‌ಎ ಕಾನೂನಿನ 9ನೇ ವಿಧಿ ಪ್ರಕಾರ ಆದೇಶ ಬಂತು, ಕಾರಣ ಇದು, ಪರಿಹಾರಕ್ಕೆ ದಾರಿ ಇದು, ಯಾವ ಪ್ರದೇಶಕ್ಕೆ ಅನ್ವಯ ಅಂತ ಕಂಪನಿಯೇ ಬಳಕೆದಾರರಿಗೆ ಹೇಳಬೇಕು. ಹಾಗಾಗಿ ಯಾವ ದೇಶ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನೇರಳೆ: ಸರಿ, ಆದರೆ ಮತ್ತೆ ಹಾಕಿದರೆ ಏನು ತಪ್ಪು? ನಾನು ಹಾಕಿದ್ದು ಇನ್ನೂ ಕಾಣುತ್ತಿದೆ.

ಹಳೇಕಡತ: ಹೊಸ ಲಿಂಕ್ ಪಟ್ಟಿಯಲ್ಲಿಲ್ಲ, ಅದಕ್ಕೇ ಕಾಣುತ್ತಿದೆ. ಆದೇಶ ಲಿಂಕಿಗೋ, ಮಾತಿಗೋ ಅನ್ನೋದು ಓದದೆ ಗೊತ್ತಾಗಲ್ಲ. 2019ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಫೇಸ್‌ಬುಕ್‌ನ ಒಂದು ಕೇಸಿನಲ್ಲಿ, ಅದೇ ಮಾತು ಬೇರೆ ಕಡೆ ಬಂದರೂ ತೆಗೆಸಬಹುದು, ಇಡೀ ಲೋಕಕ್ಕೂ ಅನ್ವಯಿಸಬಹುದು ಅಂದಿತು. ಒಂದೇ ದೇಶದ ತಡೆ ಅಂತ ಮೈಮರೆಯಬೇಡಿ. ಇನ್ನೊಂದು ವಿಷಯ: ಆದೇಶ ಬಂದದ್ದು ಕಂಪನಿಗೆ, ಆದರೆ ನೀವು ಆ ದೇಶದಲ್ಲೇ ಇದ್ದರೆ ಬರೆದದ್ದಕ್ಕೆ ನೀವೂ ಉತ್ತರ ಕೊಡಬೇಕಾಗಬಹುದು. ವಿಪಿಎನ್ ಅದನ್ನು ತಡೆಯಲ್ಲ.

ಮುಂಗಾರುಮನೆ: ಪದ ಬದಲಿಸಿ, ಹೆಸರು ತೆಗೆದು ಹಾಕಿದರೆ? ನಮ್ಮ ವಕೀಲರು ಪರವಾಗಿಲ್ಲ ಅಂದರು. ಇನ್ನೊಬ್ಬರು ಖಂಡಿತ ಬೇಡ ಅಂದರು.

ಹಳೇಕಡತ: ನನಗೂ ಇಬ್ಬರು ಎರಡು ಥರ ಹೇಳಿದ್ದರು. ನಾನು ಹಾಕಲಿಲ್ಲ.

ದೀಪದಕುಡಿ: ನಾಲ್ಕು ಪ್ರಶ್ನೆ ಕಳಿಸಿದೆ. ಪೋಸ್ಟ್ ಅಳಿಸಿಲ್ಲ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇನೆ.